ಮುಟ್ಟಿನ ನೋವು, ‘ಸಹಜ’ವೆಂಬ ಸ್ಕ್ಯಾನ್‌ ವರದಿ, ಹದಿಮೂರು ವರ್ಷ

(ಎಂಡೊಮೆಟ್ರಿಯಾಸಿಸ್‌ ಕುರಿತು ಸ್ತ್ರೀರೋಗ ತಜ್ಞೆಯೊಬ್ಬರು ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಆಕೆ ಮೊದಲ ಬಾರಿ ನನ್ನ ಮುಂದೆ ಬಂದು ಕುಳಿತಾಗ ವಯಸ್ಸು 27. ಮಾತಿಗೆ ಮೊದಲೇ ಒಂದು ಫೈಲನ್ನು ಮೇಜಿನ ಮೇಲಿಟ್ಟು ನನ್ನ ಕಡೆಗೆ ಸರಿಸಿದರು. ಅದರಲ್ಲಿ ಬೇರೆ ಬೇರೆ ವರ್ಷ ಮಾಡಿಸಿದ ಮೂರು ಹೊಟ್ಟೆಯ ಸ್ಕ್ಯಾನ್‌ ವರದಿಗಳಿದ್ದವು. ಮೂರರ ಕೊನೆಯ ಸಾಲೂ ಒಂದೇ: ಗರ್ಭಕೋಶ ಮತ್ತು ಅಂಡಾಶಯಗಳು ಸಹಜವಾಗಿವೆ. ಆ ಸಾಲಿನ ಕೆಳಗೆ ಆಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. “ಎಲ್ಲವೂ ಸಹಜವಾಗಿದ್ದರೆ ನಾನು ಪ್ರತಿ ತಿಂಗಳೂ ಎರಡು ದಿನ ಬಚ್ಚಲಿನ ನೆಲದ ಮೇಲೆ ಮುದುಡಿ ಮಲಗುವುದು ಯಾಕೆ, ಡಾಕ್ಟರೇ?” ಎಂದು ಕೇಳಿದರು.

ಇಂದಿನ ಮಾತನ್ನೆಲ್ಲ ನಾನು ಈ ಒಂದು ಪ್ರಶ್ನೆಯ ಸುತ್ತಲೇ ಕಟ್ಟಲು ಬಯಸುತ್ತೇನೆ. ಯಾರ ಗುರುತೂ ಸಿಗಬಾರದೆಂಬ ಕಾರಣಕ್ಕೆ ಇಬ್ಬರು ಮೂವರು ರೋಗಿಗಳ ವಿವರಗಳನ್ನು ಸೇರಿಸಿ ಒಬ್ಬರ ಕಥೆಯಾಗಿ ಹೇಳುತ್ತಿದ್ದೇನೆ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಆಕೆಗೆ ನೋವು ಶುರುವಾದದ್ದು 14ನೆಯ ವಯಸ್ಸಿನಲ್ಲಿ. ಆಗ ಅದು ಮುಟ್ಟಿನ ಮೊದಲ ದಿನ ಬಂದು ಮರುದಿನ ಇಳಿಯುತ್ತಿತ್ತು, ಒಂದು ಮೆಫೆನಾಮಿಕ್‌ ಆ್ಯಸಿಡ್‌ ಮಾತ್ರೆಗೆ ಬಗ್ಗುತ್ತಿತ್ತು. 18ರ ಹೊತ್ತಿಗೆ ದಿನಕ್ಕೆ ಮೂರು ಮಾತ್ರೆ ನುಂಗಿದರೂ ಅರ್ಧದಷ್ಟು ನೋವು ಉಳಿಯುತ್ತಿತ್ತು. 22ರ ನಂತರ ನೋವು ರಕ್ತಸ್ರಾವಕ್ಕೆ ಎರಡು ಮೂರು ದಿನ ಮೊದಲೇ ಬರತೊಡಗಿತು. 25ರ ವೇಳೆಗೆ ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕುಳಿತರೆ ಗುದದ್ವಾರದಿಂದ ಒಳಗೆ ಚಾಕು ಇಳಿದಂತಾಗುತ್ತಿತ್ತು, ಹೊಟ್ಟೆ ಉಬ್ಬರಿಸುತ್ತಿತ್ತು. ಲೈಂಗಿಕ ಸಂಪರ್ಕದ ವೇಳೆ ಆಳದಲ್ಲಿ ನೋವಾಗುತ್ತದೆ ಎಂಬ ಮಾತನ್ನು ಆಕೆ ಅದುವರೆಗೆ ಯಾವ ವೈದ್ಯರಿಗೂ ಹೇಳಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ.

ಈ ವಿವರಗಳಲ್ಲೇ ರೋಗದ ಅರ್ಧ ಗುರುತು ಅಡಗಿದೆ. ಸಾಮಾನ್ಯ ಮುಟ್ಟಿನ ನೋವು ಬರುವುದು ಗರ್ಭಕೋಶದ ಒಳಪದರ ಕಳಚುವಾಗ ಬಿಡುಗಡೆಯಾಗುವ ಪ್ರೊಸ್ಟಗ್ಲ್ಯಾಂಡಿನ್‌ ಎಂಬ ರಾಸಾಯನಿಕಗಳಿಂದ. ಅವು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತವೆ. ಅದರಿಂದ ಬರುವ ನೋವು ಸ್ರಾವದ ಜೊತೆಗೇ ಬಂದು, ಒಂದೆರಡು ದಿನ, ಹೆಚ್ಚೆಂದರೆ ಮೂರು ದಿನ ಇದ್ದು ಹೋಗುತ್ತದೆ. ಪ್ರೊಸ್ಟಗ್ಲ್ಯಾಂಡಿನ್‌ ತಯಾರಿಯನ್ನೇ ತಡೆಯುವ ಮೆಫೆನಾಮಿಕ್‌ ಆ್ಯಸಿಡ್‌, ಐಬುಪ್ರೊಫೆನ್‌, ನ್ಯಾಪ್ರೊಕ್ಸೆನ್‌ ಮಾತ್ರೆಗಳಿಗೆ ಅದು ಹೆಚ್ಚಿನವರಲ್ಲಿ ಮಣಿಯುತ್ತದೆ, ವರ್ಷಗಳು ಕಳೆದಂತೆ ಎಷ್ಟೋ ಜನರಲ್ಲಿ ತಗ್ಗುತ್ತದೆ. ಎಂಡೊಮೆಟ್ರಿಯಾಸಿಸ್‌ ನೋವು ಹಲವರಲ್ಲಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯುತ್ತದೆ. ಅದು ಮುಟ್ಟಿನ ಮುಂಚೆಯೇ ಬರುತ್ತದೆ, ಮುಟ್ಟು ನಿಂತ ಮೇಲೂ ಉಳಿಯುತ್ತದೆ, ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ, ಕೊನೆಗೆ ಮಲ, ಮೂತ್ರ, ಸಂಭೋಗಗಳಿಗೂ ಹರಡಿಕೊಳ್ಳುತ್ತದೆ. ನೋವು ಎಷ್ಟು ಎಂದು ಕೇಳುವುದಕ್ಕಿಂತ ಯಾವಾಗ ಬರುತ್ತದೆ, ಯಾವ ದಿಕ್ಕಿಗೆ ಸಾಗುತ್ತಿದೆ ಎಂದು ಕೇಳಿದರೆ ವೈದ್ಯರಿಗೆ ಹೆಚ್ಚು ತಿಳಿಯುತ್ತದೆ.

ಇನ್ನು ಈ ರೋಗ ಏನು ಎಂಬುದು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ನೆಲೆಯೂರುತ್ತದೆ. ಕಿಬ್ಬೊಟ್ಟೆಯ ಪೊರೆಯ ಮೇಲೆ, ಅಂಡಾಶಯದಲ್ಲಿ, ಗರ್ಭಕೋಶವನ್ನು ಹಿಂದಿನಿಂದ ಹಿಡಿದಿಡುವ ಕಟ್ಟುಗಳಲ್ಲಿ, ಕೆಲವೊಮ್ಮೆ ಗುದನಾಳ ಮತ್ತು ಮೂತ್ರಕೋಶದ ಗೋಡೆಗಳಲ್ಲಿ ಅದು ಬೇರೂರುತ್ತದೆ. ಈಸ್ಟ್ರೊಜೆನ್‌ ಹಾರ್ಮೋನು ಅದಕ್ಕೆ ಆಹಾರ. ತಿಂಗಳು ತಿಂಗಳೂ ಅಲ್ಲಿ ಉರಿಯೂತವಾಗುತ್ತದೆ, ರಕ್ತ ಒಸರುತ್ತದೆ, ಗಾಯ ಮಾಯುವಾಗ ಕಲೆಗಟ್ಟಿ ಅಕ್ಕಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದೊಳಗೆ ಹಳೆಯ ರಕ್ತ ಕೂಡಿಕೊಂಡು ದಟ್ಟ ಕಂದು ದ್ರವದ ಚೀಲವಾದರೆ ಅದನ್ನೇ ಚಾಕೊಲೇಟ್‌ ಸಿಸ್ಟ್‌ ಎನ್ನುವುದು. ಮುಟ್ಟಿನ ರಕ್ತ ಗರ್ಭನಾಳಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುವುದರಿಂದ ಹೀಗಾಗುತ್ತದೆ ಎಂಬ ಸಿದ್ಧಾಂತವನ್ನು ಜಾನ್‌ ಸ್ಯಾಂಪ್ಸನ್‌ 1920ರ ದಶಕದಲ್ಲಿ ಮುಂದಿಟ್ಟರು. ಇಂದಿಗೂ ಅದೇ ಹೆಚ್ಚು ಚಾಲ್ತಿಯಲ್ಲಿದೆ. ಆದರೆ ಆ ಹಿಮ್ಮುಖ ಹರಿವು ಬಹುಪಾಲು ಮಹಿಳೆಯರಲ್ಲಿ ಇರುತ್ತದೆ, ರೋಗ ಮಾತ್ರ ಸಂತಾನೋತ್ಪತ್ತಿ ವಯಸ್ಸಿನ ಸುಮಾರು ಶೇ. 10ರಷ್ಟು ಮಂದಿಯಲ್ಲಿ ಕಾಣುತ್ತದೆ. ಹಾಗಾಗಿ ವಂಶವಾಹಿ, ರೋಗನಿರೋಧಕ ವ್ಯವಸ್ಥೆ, ಪ್ರೊಜೆಸ್ಟರಾನ್‌ಗೆ ಅಂಗಾಂಶ ಸರಿಯಾಗಿ ಸ್ಪಂದಿಸದಿರುವುದು ಇವೆಲ್ಲಕ್ಕೂ ಇದರಲ್ಲಿ ಪಾತ್ರವಿದೆ ಎಂದು ಒಪ್ಪಲಾಗಿದೆ.

ರೋಗದ ಹರಡುವಿಕೆಗೂ ನೋವಿನ ತೀವ್ರತೆಗೂ ತಾಳೆಯಾಗುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಶಸ್ತ್ರಚಿಕಿತ್ಸಕರು ರೋಗವನ್ನು ಒಂದರಿಂದ ನಾಲ್ಕರವರೆಗೆ ಹಂತಗಳಾಗಿ ಎಣಿಸುತ್ತಾರೆ. ಮೊದಲ ಹಂತದ, ಸಾಸಿವೆ ಕಾಳಿನಷ್ಟು ಚುಕ್ಕೆಗಳಿರುವ ಹುಡುಗಿ ಕಾಲೇಜು ಬಿಡುವಷ್ಟು ನರಳಬಹುದು. ನಾಲ್ಕನೆಯ ಹಂತದ, ಎರಡೂ ಅಂಡಾಶಯಗಳು ಗರ್ಭಕೋಶಕ್ಕೆ ಅಂಟಿಹೋದ ಮಹಿಳೆ ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಬಂದಾಗ ಮಾತ್ರ ವಿಷಯ ಹೊರಬೀಳಬಹುದು. ಆ ಚುಕ್ಕೆಗಳಿಗೆ ಹೊಸ ನರತಂತುಗಳು ಬೆಳೆಯುತ್ತವೆ, ಮತ್ತು ವರ್ಷಗಟ್ಟಲೆ ನೋವಿನ ಸಂಕೇತ ಪಡೆದ ಬೆನ್ನುಹುರಿ ಮತ್ತು ಮಿದುಳು ಸಣ್ಣ ಪ್ರಚೋದನೆಯನ್ನೂ ದೊಡ್ಡ ನೋವಾಗಿ ಓದಲು ಕಲಿಯುತ್ತವೆ. ತಡವಾದ ರೋಗನಿರ್ಣಯದ ನಿಜವಾದ ನಷ್ಟ ಈ ಕಲಿಕೆಯಲ್ಲಿದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಅಂಗಾಂಶವನ್ನು ಕತ್ತರಿಸಿ ತೆಗೆಯಬಹುದು, ನರಮಂಡಲ ಕಲಿತದ್ದನ್ನು ಹಾಗೆ ತೆಗೆಯಲಾಗದು.

ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಲ್ಲಿ, ಲಕ್ಷಣ ಶುರುವಾದಂದಿನಿಂದ ರೋಗ ಗುರುತಾಗುವವರೆಗೆ 4ರಿಂದ 12 ವರ್ಷ ಹಿಡಿಯಬಹುದು. ನಮ್ಮ ಈ ರೋಗಿಗೆ 13 ಹಿಡಿಯಿತು. ಅಷ್ಟು ವರ್ಷ ಎಲ್ಲಿ ಕಳೆದವು ಎಂದು ಫೈಲನ್ನೇ ಬಿಡಿಸಿ ನೋಡೋಣ.

ಮೊದಲ ನಾಲ್ಕೈದು ವರ್ಷ ಮನೆಯಲ್ಲೇ ಹೋದವು. ತಾಯಿಗೂ ಅಂಥದೇ ನೋವಿತ್ತು. ಆದ್ದರಿಂದ ಅದು ಮನೆತನದ ಲಕ್ಷಣವೆಂದೇ ಎಲ್ಲರೂ ತಿಳಿದಿದ್ದರು. ಅಮ್ಮನಿಗೂ ಅಕ್ಕನಿಗೂ ಇತ್ತು ಎಂಬುದು ಸಮಾಧಾನದ ಮಾತಾಗಿ ಬಳಕೆಯಾಗುತ್ತದೆ. ವೈದ್ಯಕೀಯವಾಗಿ ನೋಡಿದರೆ ಅದು ಅನುಮಾನವನ್ನು ಹೆಚ್ಚಿಸಬೇಕಾದ ಸಂಗತಿ, ಏಕೆಂದರೆ ತಾಯಿಗೋ ಸೋದರಿಗೋ ಈ ರೋಗವಿದ್ದರೆ ಇವರಿಗೂ ಬರುವ ಸಂಭವ ಹೆಚ್ಚು. ಮುಂದಿನ ಕೆಲವು ವರ್ಷ ನೋವಿನ ಮಾತ್ರೆಗಳಲ್ಲಿ ಕಳೆದವು. ಮಗುವಾದರೆ ಸರಿಹೋಗುತ್ತದೆ ಎಂದು ಒಬ್ಬ ವೈದ್ಯರೂ ಹೇಳಿದ್ದರಂತೆ. ಗರ್ಭಿಣಿಯಾದಾಗ ಮುಟ್ಟು ನಿಲ್ಲುವುದರಿಂದ ಎಷ್ಟೋ ಮಂದಿಗೆ ಆ ಅವಧಿಯಲ್ಲಿ ನೋವು ತಗ್ಗುವುದು ನಿಜ, ಆದರೆ ಅದು ಚಿಕಿತ್ಸೆಯಲ್ಲ. ನಂತರದ ಎರಡು ವರ್ಷ ಹೊಟ್ಟೆಯ ವೈದ್ಯರ ಬಳಿ ಕಳೆದವು. ಉಬ್ಬರ, ಭೇದಿ, ಮಲವಿಸರ್ಜನೆಯ ನೋವು ಕಂಡು ಅವರು ಕರುಳಿನ ಕಿರಿಕಿರಿ ಎಂದು ಬರೆದಿದ್ದರು. ಅವರದು ಅಜಾಗರೂಕತೆಯೆಂದು ನಾನು ಹೇಳಲಾರೆ, ಆ ಲಕ್ಷಣಗಳು ಹಾಗೇ ಕಾಣುತ್ತವೆ. ಅವು ತಿಂಗಳ ಯಾವ ದಿನಗಳಲ್ಲಿ ಬರುತ್ತವೆ ಎಂಬ ಒಂದು ಪ್ರಶ್ನೆ ಮಾತ್ರ ಬಿಟ್ಟುಹೋಗಿತ್ತು.

ಆಮೇಲೆ ಆ ಮೂರು ಸ್ಕ್ಯಾನ್‌ಗಳು. ಮೂರೂ ಹೊಟ್ಟೆಯ ಮೇಲಿಂದ ಮಾಡಿದ ಸಾಮಾನ್ಯ ಅಲ್ಟ್ರಾಸೌಂಡ್‌. ಅದರಲ್ಲಿ ಅಂಡಾಶಯದ ಚಾಕೊಲೇಟ್‌ ಸಿಸ್ಟ್‌ ಕಾಣುತ್ತದೆ, ಆದರೆ ಪೊರೆಯ ಮೇಲಿನ ಚುಕ್ಕೆಗಳು ಕಾಣುವುದಿಲ್ಲ, ಆಳಕ್ಕೆ ಬೇರೂರಿದ ಗಂಟುಗಳು ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತವೆ. ಈ ರೋಗವನ್ನು ಹುಡುಕುವುದೇ ಉದ್ದೇಶವಾದರೆ ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್‌ ಬೇಕು. ಅದನ್ನು ಮಾಡುವವರಿಗೆ ಗರ್ಭಕೋಶದ ಹಿಂಭಾಗ, ಅದರ ಕಟ್ಟುಗಳು, ಗುದನಾಳದ ಗೋಡೆ ಇವನ್ನು ಒಂದೊಂದಾಗಿ ನೋಡುವ ಅಭ್ಯಾಸವಿರಬೇಕು. ಅವರು ನೋಡುವ ಒಂದು ಸೂಕ್ಷ್ಮ ಸಂಗತಿ ಹೇಳುತ್ತೇನೆ. ಸ್ಕ್ಯಾನ್‌ ಕಡ್ಡಿಯಿಂದ ಮೆಲ್ಲಗೆ ಒತ್ತಿದಾಗ ಆರೋಗ್ಯವಂತರಲ್ಲಿ ಕರುಳು ಗರ್ಭಕೋಶದ ಹಿಂಬದಿಯ ಮೇಲೆ ಜಾರಿ ಹೋಗುತ್ತದೆ. ಅಂಟಿಕೊಂಡಿದ್ದರೆ ಎರಡೂ ಒಟ್ಟಿಗೇ ಅಲುಗುತ್ತವೆ. ನಿಂತ ಚಿತ್ರದಲ್ಲಿ ಇದು ತಿಳಿಯುವುದಿಲ್ಲ, ಅಲುಗಾಡಿಸಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಯೋನಿಯ ಮೂಲಕ ಪರೀಕ್ಷೆ ಸೂಕ್ತವಲ್ಲದ ಹುಡುಗಿಯರಿಗೆ ಎಂಆರ್‌ಐ ನೆರವಾಗುತ್ತದೆ. ಇದಿಷ್ಟನ್ನೂ ಮಾಡಿ ಏನೂ ಕಾಣದಿದ್ದರೂ ರೋಗವಿಲ್ಲ ಎಂದು ಹೇಳುವಂತಿಲ್ಲ. ಸಿಎ-125 ಎಂಬ ರಕ್ತಪರೀಕ್ಷೆಯನ್ನು ಕೆಲವರು ಬರೆದುಕೊಡುತ್ತಾರೆ, ರೋಗ ಪತ್ತೆಗೆ ಅದನ್ನು ನೆಚ್ಚುವಂತಿಲ್ಲ.

ವಿಳಂಬಕ್ಕೆ ನಮ್ಮ ವೃತ್ತಿಯೇ ಸೃಷ್ಟಿಸಿದ ಇನ್ನೊಂದು ಕಾರಣವಿದೆ. ಹೊಕ್ಕಳ ಬಳಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೊಸ್ಕೋಪಿ ಮಾಡದೆ ಈ ರೋಗವನ್ನು ಹೆಸರಿಸಬಾರದು ಎಂಬ ನಿಯಮ ದಶಕಗಳ ಕಾಲ ನಡೆಯಿತು. ಅರಿವಳಿಕೆ ಕೊಟ್ಟು ಮಾಡುವ ಆಪರೇಷನ್ನನ್ನು ಹದಿನಾರರ ಹುಡುಗಿಗೆ ಯಾರೂ ಸುಲಭವಾಗಿ ಹೇಳುವುದಿಲ್ಲ, ಹಾಗಾಗಿ ಹೆಸರೂ ಇಲ್ಲ, ಚಿಕಿತ್ಸೆಯೂ ಇಲ್ಲ ಎಂಬಂತಾಗುತ್ತಿತ್ತು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘಟನೆಯಾದ ಇಎಸ್‌ಎಚ್‌ಆರ್‌ಇ 2022ರ ತನ್ನ ಮಾರ್ಗಸೂಚಿಯಲ್ಲಿ ಈ ನಿಲುವನ್ನು ಬದಲಿಸಿತು. ಸ್ಕ್ಯಾನ್‌ನಲ್ಲಿ ಏನೂ ಸಿಗದಿದ್ದಾಗ, ಅಥವಾ ಔಷಧ ಕೊಟ್ಟು ನೋಡಿದ್ದು ಫಲ ಕೊಡದಿದ್ದಾಗ ಇಲ್ಲವೇ ಔಷಧ ಹೊಂದದಿದ್ದಾಗ ಮಾತ್ರ ರೋಗಪತ್ತೆಗಾಗಿ ಲ್ಯಾಪರೊಸ್ಕೋಪಿ ಎಂಬುದು ಈಗಿನ ಸಲಹೆ. ಅಂದರೆ ಲಕ್ಷಣಗಳ ಆಧಾರದ ಮೇಲೆಯೇ ಚಿಕಿತ್ಸೆ ಆರಂಭಿಸಬಹುದು.

ನಮ್ಮ ರೋಗಿಯನ್ನು ಪರೀಕ್ಷಿಸಿದಾಗ ಗರ್ಭಕಂಠದ ಹಿಂದೆ ಎಡಗಡೆ ಬೆರಳಿಗೆ ಒಂದು ಗಟ್ಟಿ ಗಂಟು ಸಿಕ್ಕಿತು, ಅದನ್ನು ಮುಟ್ಟಿದೊಡನೆ ಆಕೆ “ಇದೇ, ಇದೇ ನೋವು” ಎಂದರು. ಅನುಭವಿಗಳಿಂದ ಮಾಡಿಸಿದ ಸ್ಕ್ಯಾನ್‌ನಲ್ಲಿ ಅದೇ ಜಾಗದಲ್ಲಿ 14 ಮಿಲಿಮೀಟರ್‌ ಗಂಟು ಕಂಡಿತು, ಎಡ ಅಂಡಾಶಯ ಗರ್ಭಕೋಶದ ಹಿಂಬದಿಗೆ ಅಂಟಿತ್ತು, ಸಿಸ್ಟ್‌ ಇರಲಿಲ್ಲ. ಮೂತ್ರಪಿಂಡಗಳನ್ನೂ ನೋಡಿಸಿದೆ, ಅವು ಚೆನ್ನಾಗಿದ್ದವು. ಇದೊಂದನ್ನು ಮರೆಯಬಾರದು. ಇಂಥ ಗಂಟು ಮೂತ್ರಪಿಂಡದಿಂದ ಇಳಿಯುವ ನಾಳವನ್ನು ಬಿಗಿದು, ಯಾವ ನೋವೂ ತೋರದೆ ಒಂದು ಮೂತ್ರಪಿಂಡವನ್ನೇ ಹಾಳು ಮಾಡಬಲ್ಲದು. ಹಾಗಿದ್ದಿದ್ದರೆ ಔಷಧವೋ ಆಪರೇಷನ್ನೋ ಎಂಬ ಚರ್ಚೆಗೆ ಅವಕಾಶವೇ ಇರುತ್ತಿರಲಿಲ್ಲ, ಆಪರೇಷನ್‌ ಮಾಡಲೇಬೇಕಿತ್ತು. ಕರುಳು ಕಟ್ಟಿಕೊಂಡಾಗಲೂ, ಸಿಸ್ಟ್‌ ಕ್ಯಾನ್ಸರಿನ ಅನುಮಾನ ಹುಟ್ಟಿಸುವಂತಿದ್ದಾಗಲೂ ಹಾಗೆಯೇ.

ಆ ಅಪಾಯಗಳಿಲ್ಲವೆಂದಾದ ಮೇಲೆ ಆಯ್ಕೆ ಆಕೆಯ ಮುಂದಿತ್ತು. ಸದ್ಯಕ್ಕೆ ಮಗು ಬೇಡ, ಕೆಲಸಕ್ಕೆ ಹೋಗುವಂತಾದರೆ ಸಾಕು ಎಂದರು. ಡೈನೊಜೆಸ್ಟ್‌ 2 ಮಿಲಿಗ್ರಾಂ ಮಾತ್ರೆಯನ್ನು ಬಿಡುವಿಲ್ಲದೆ ದಿನಕ್ಕೊಂದರಂತೆ ಆರಂಭಿಸಿದೆವು. ಇದು ಪ್ರೊಜೆಸ್ಟರಾನ್‌ ಗುಂಪಿನ ಔಷಧ. ಇದು ಈಸ್ಟ್ರೊಜೆನ್ನನ್ನು ತಗ್ಗಿಸುತ್ತದೆ, ಮುಟ್ಟನ್ನು ಹೆಚ್ಚುಕಡಿಮೆ ನಿಲ್ಲಿಸುತ್ತದೆ, ರೋಗದ ಅಂಗಾಂಶವನ್ನು ಸೊರಗಿಸುತ್ತದೆ. ಸಾಮಾನ್ಯ ಗರ್ಭನಿರೋಧಕ ಮಾತ್ರೆಯನ್ನು ವಿರಾಮವಿಲ್ಲದೆ ಸೇವಿಸುವುದು, ಲೆವೊನೊರ್ಜೆಸ್ಟ್ರೆಲ್‌ ಒಸರುವ ಸಾಧನವನ್ನು ಗರ್ಭಕೋಶದೊಳಗೆ ಇಡುವುದು ಕೂಡ ಇದೇ ತತ್ತ್ವದ ಬೇರೆ ರೂಪಗಳು. ಇವು ಸಾಲದಾದಾಗ ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಆಜ್ಞೆಯನ್ನೇ ತಡೆಯುವ ಲ್ಯುಪ್ರೊಲೈಡ್‌ನಂಥ ಚುಚ್ಚುಮದ್ದುಗಳಿವೆ. ಅವು ತಾತ್ಕಾಲಿಕವಾಗಿ ಮುಟ್ಟು ನಿಂತ ವಯಸ್ಸನ್ನು ತಂದಂತೆ. ಮೈ ಬಿಸಿಯೇರುವುದು, ಮೂಳೆಯ ಸಾಂದ್ರತೆ ಕುಗ್ಗುವುದು ಅವುಗಳ ಬೆಲೆ, ಆದ್ದರಿಂದ ಆರು ತಿಂಗಳಿಗಿಂತ ಹೆಚ್ಚು ಕೊಡುವುದಾದರೆ ಅಲ್ಪ ಪ್ರಮಾಣದ ಹಾರ್ಮೋನನ್ನು ಜೊತೆಗೆ ಸೇರಿಸಬೇಕು. ಡೈನೊಜೆಸ್ಟ್‌ ಮತ್ತು ಲ್ಯುಪ್ರೊಲೈಡ್‌ಗಳನ್ನು 24 ವಾರ ಹೋಲಿಸಿ ನೋಡಿದ ಅಧ್ಯಯನದಲ್ಲಿ ನೋವು ಇಳಿಸುವುದರಲ್ಲಿ ಮೊದಲನೆಯದು ಹಿಂದೆ ಬೀಳಲಿಲ್ಲ.

ಮೊದಲ ಮೂರು ತಿಂಗಳು ಆಕೆಗೆ ಹೇಳದೆ ಕೇಳದೆ ಆಗಾಗ ರಕ್ತದ ಕಲೆ ಕಾಣುತ್ತಿತ್ತು. ಈ ಹಂತದಲ್ಲೇ ಎಷ್ಟೋ ಮಂದಿ ಔಷಧ ಬಿಡುತ್ತಾರೆ, ಹಾಗಾಗಿ ಅದನ್ನು ಮೊದಲೇ ತಿಳಿಸಿದ್ದೆ. ನಾಲ್ಕನೆಯ ತಿಂಗಳ ಹೊತ್ತಿಗೆ ಹತ್ತರಲ್ಲಿ 8 ಇದ್ದ ನೋವು 3ಕ್ಕೆ ಇಳಿದಿತ್ತು. ಗಂಟು ಮಾತ್ರ ಅಲ್ಲೇ ಇತ್ತು. ಔಷಧದ ಮಿತಿ ಇದರಲ್ಲೇ ಇದೆ: ಅದು ರೋಗವನ್ನು ಸುಮ್ಮನಿರಿಸುತ್ತದೆ, ಆದರೆ ಕಲೆಗಟ್ಟಿದ ಗಂಟನ್ನು ಕರಗಿಸುವುದಿಲ್ಲ, ಅಂಟಿಕೊಂಡದ್ದನ್ನು ಬಿಡಿಸುವುದಿಲ್ಲ. ನಿಲ್ಲಿಸಿದರೆ ನೋವು ಸಾಮಾನ್ಯವಾಗಿ ಮರಳುತ್ತದೆ. ಒಂದು ಪಾಲು ಮಹಿಳೆಯರಿಗೆ ಅದು ನಾಟುವುದೇ ಇಲ್ಲ, ಕೆಲವರಿಗೆ ಖಿನ್ನತೆಯನ್ನೂ ತರುತ್ತದೆ. ಔಷಧಕ್ಕೆ ನೋವು ತಗ್ಗಿತೆಂದ ಮಾತ್ರಕ್ಕೆ ರೋಗ ಖಚಿತವಾಗುವುದಿಲ್ಲ, ತಗ್ಗಲಿಲ್ಲವೆಂದರೆ ರೋಗವಿಲ್ಲವೆಂದೂ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಔಷಧಗಳನ್ನು ಸೇವಿಸುತ್ತಾ ಗರ್ಭ ಧರಿಸಲು ಪ್ರಯತ್ನಿಸುವಂತಿಲ್ಲ.

29ನೆಯ ವಯಸ್ಸಿನಲ್ಲಿ ಆಕೆ ಮಗು ಬೇಕೆಂದರು. ಮಾತ್ರೆ ನಿಲ್ಲಿಸಿದ ಮೂರನೆಯ ತಿಂಗಳಿಗೆ ನೋವು 7ಕ್ಕೆ ಏರಿತು. ಎಂಟು ತಿಂಗಳಾದರೂ ಗರ್ಭ ನಿಲ್ಲಲಿಲ್ಲ, ಪತಿಯ ವೀರ್ಯ ಪರೀಕ್ಷೆ ಚೆನ್ನಾಗಿತ್ತು. ಆಗ ಆಪರೇಷನ್ನಿನ ಮಾತು ಬಂತು. ಲ್ಯಾಪರೊಸ್ಕೋಪಿಯಲ್ಲಿ ಅಂಡಾಶಯವನ್ನು ಬಿಡಿಸಿ, ಪಕ್ಕದಲ್ಲೇ ಹಾಯುವ ಮೂತ್ರನಾಳವನ್ನು ಮೊದಲು ಬೇರ್ಪಡಿಸಿ ಕಾಪಾಡಿಕೊಂಡು, ಗಂಟನ್ನು ಬೇರು ಸಹಿತ ಕತ್ತರಿಸಿ ತೆಗೆಯಲಾಯಿತು. ಮೇಲ್ಮೈಯ ಚುಕ್ಕೆಗಳನ್ನು ಸುಡಲೂಬಹುದು, ಆದರೆ ಆಳದ ಗಂಟನ್ನು ಸುಟ್ಟರೆ ಬುಡ ಉಳಿಯುತ್ತದೆ. ತೆಗೆದ ತುಣುಕಿನ ಪ್ರಯೋಗಾಲಯ ವರದಿ ರೋಗವನ್ನು ದೃಢಪಡಿಸಿತು.

ಆಪರೇಷನ್‌ ನಿಜಕ್ಕೂ ಕೆಲಸ ಮಾಡುತ್ತದೆಯೇ, ಅಥವಾ ಆಪರೇಷನ್‌ ಆಯಿತೆಂಬ ನಂಬಿಕೆ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಯನ್ನು 2004ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನ ನೇರವಾಗಿ ಎದುರಿಸಿತು. 39 ಮಹಿಳೆಯರಲ್ಲಿ ಕೆಲವರಿಗೆ ರೋಗವನ್ನು ಕತ್ತರಿಸಿ ತೆಗೆದರು, ಉಳಿದವರಿಗೆ ಕ್ಯಾಮೆರಾ ಇಳಿಸಿ ನೋಡಿ ಹಾಗೆಯೇ ಬಿಟ್ಟರು, ಯಾರಿಗೆ ಏನಾಯಿತೆಂದು ರೋಗಿಗಳಿಗೆ ತಿಳಿಸಲಿಲ್ಲ. ಆರು ತಿಂಗಳ ನಂತರ ತೆಗೆಸಿಕೊಂಡವರಲ್ಲಿ ಶೇ. 80ರಷ್ಟು ಮಂದಿ ನೋವು ಕಡಿಮೆಯಾಗಿದೆ ಎಂದರು, ಬರೇ ನೋಡಿಸಿಕೊಂಡವರಲ್ಲಿ ಶೇ. 32ರಷ್ಟು ಮಂದಿ. ಈ ಎರಡೂ ಅಂಕಿಗಳನ್ನು ಒಟ್ಟಿಗೆ ಓದಬೇಕು. ಆಪರೇಷನ್ನಿಗೆ ನಿಜವಾದ ಫಲವಿದೆ, ಐವರಲ್ಲಿ ಒಬ್ಬರಿಗೆ ಅದು ದಕ್ಕುವುದಿಲ್ಲ, ಮತ್ತು ಏನನ್ನೂ ತೆಗೆಯದಿದ್ದರೂ ಮೂವರಲ್ಲಿ ಒಬ್ಬರಿಗೆ ಕೆಲಕಾಲ ಹಿತವೆನಿಸುತ್ತದೆ.

ಫಲ ಎಷ್ಟು ಕಾಲ ಎಂಬುದು ಮುಂದಿನ ಪ್ರಶ್ನೆ. ಆಪರೇಷನ್‌ ಮಾಡಿ ಮತ್ತೇನೂ ಮಾಡದೆ ಬಿಟ್ಟರೆ ಐದು ವರ್ಷಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರೋಗ ಮರಳಬಹುದು, ಏಕೆಂದರೆ ಚಾಕು ಕಂಡದ್ದನ್ನು ತೆಗೆಯುತ್ತದೆ, ಅದನ್ನು ಹುಟ್ಟಿಸಿದ ಪ್ರಕ್ರಿಯೆಯನ್ನು ನಿಲ್ಲಿಸುವುದಿಲ್ಲ. ಅಂಡಾಶಯದ ಸಿಸ್ಟ್‌ ತೆಗೆಯುವಾಗ ಅದರ ಗೋಡೆಗೆ ಅಂಟಿದ ಆರೋಗ್ಯಕರ ಅಂಗಾಂಶವೂ ಸ್ವಲ್ಪ ಕಿತ್ತು ಬರುತ್ತದೆ, ಅದರೊಂದಿಗೆ ಅಂಡಾಣುಗಳ ಸಂಗ್ರಹ ಕುಗ್ಗುತ್ತದೆ. ಎರಡನೆಯ, ಮೂರನೆಯ ಆಪರೇಷನ್ನಿಗೆ ಈ ನಷ್ಟ ಕೂಡುತ್ತಾ ಹೋಗುತ್ತದೆ. ಕರುಳಿನ ಮೇಲಿನ ಆಪರೇಷನ್ನಿನಲ್ಲಿ ಹೊಲಿಗೆ ಸೋರುವ, ನರಗಳಿಗೆ ಪೆಟ್ಟಾಗಿ ಮೂತ್ರ ಕಟ್ಟುವ ಅಪಾಯವೂ ಇದೆ. ಇವೆಲ್ಲವನ್ನು ತೂಗಿ ನೋಡಿದಾಗ ನನ್ನ ಸ್ವಂತ ಅಭಿಪ್ರಾಯವೆಂದರೆ, ಆಪರೇಷನ್ನುಗಳ ಸಂಖ್ಯೆಯನ್ನು ಜೀವಮಾನದ ಲೆಕ್ಕದಲ್ಲಿ ಕಡಿಮೆ ಇಡಬೇಕು, ಮಾಡುವುದನ್ನು ಸರಿಯಾದ ಹೊತ್ತಿನಲ್ಲಿ, ಈ ರೋಗದಲ್ಲಿ ಕೈ ಪಳಗಿದವರಿಂದ ಮಾಡಿಸಬೇಕು. ಔಷಧವನ್ನೂ ಆಪರೇಷನ್ನನ್ನೂ ಮುಖಾಮುಖಿ ಹೋಲಿಸಿದ ಒಳ್ಳೆಯ ಅಧ್ಯಯನಗಳು ತೀರಾ ಕಡಿಮೆ ಇರುವುದರಿಂದ ಒಂದು ಇನ್ನೊಂದಕ್ಕಿಂತ ಮೇಲು ಎಂದು ಸಾರಾಸಗಟಾಗಿ ಯಾರಾದರೂ ಹೇಳಿದರೆ ಅವರನ್ನು ಇನ್ನೆರಡು ಪ್ರಶ್ನೆ ಕೇಳಬೇಕಾಗುತ್ತದೆ.

ನಮ್ಮ ರೋಗಿಗೆ ಆಪರೇಷನ್ನಿನ ನಂತರ ನೋವು 2ಕ್ಕೆ ಇಳಿಯಿತು, ಹತ್ತನೆಯ ತಿಂಗಳಲ್ಲಿ ಗರ್ಭ ನಿಂತಿತು. ಹೆರಿಗೆಯಾಗಿ, ಹಾಲೂಡಿಸುವುದು ನಿಂತು, ಮುಟ್ಟು ಮರಳಿದ ವರ್ಷದೊಳಗೆ ನೋವು ಮತ್ತೆ 4ಕ್ಕೆ ಬಂದು ನಿಂತಿತು. ಈ ಬಾರಿ ಆಕೆ 13 ವರ್ಷ ಕಾಯಲಿಲ್ಲ, ಮೂರನೆಯ ತಿಂಗಳಿಗೇ ದಿನಾಂಕಗಳನ್ನು ಬರೆದ ಚೀಟಿಯೊಂದಿಗೆ ಬಂದರು. ಲೆವೊನೊರ್ಜೆಸ್ಟ್ರೆಲ್‌ ಸಾಧನವನ್ನು ಅಳವಡಿಸಿದೆವು. ಮುಟ್ಟಿನ ನೋವು ತಗ್ಗಿತು. ಸಂಪರ್ಕದ ವೇಳೆಯ ನೋವು ಸ್ವಲ್ಪ ಉಳಿದಿತ್ತು. ಪರೀಕ್ಷಿಸಿದಾಗ ಅದು ರೋಗದ್ದಲ್ಲ, ವರ್ಷಗಳಿಂದ ನೋವಿಗೆ ಹೆದರಿ ಬಿಗಿದುಕೊಂಡೇ ಇದ್ದ ಕಿಬ್ಬೊಟ್ಟೆಯ ತಳದ ಸ್ನಾಯುಗಳದ್ದು ಎಂದು ತಿಳಿಯಿತು. ಅದಕ್ಕೆ ಬೇಕಾದದ್ದು ಮಾತ್ರೆಯೂ ಅಲ್ಲ, ಚಾಕುವೂ ಅಲ್ಲ, ಫಿಸಿಯೊಥೆರಪಿ.

ಉಪನ್ಯಾಸದ ಕೊನೆಯಲ್ಲಿ ಸಭೆಯ ಹಿಂಬದಿಯಿಂದ ಒಬ್ಬ ತಾಯಿ ಎದ್ದು, “ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ಮುಗಿಯಿತಲ್ಲವೇ, ಮೇಡಂ?” ಎಂದು ಕೇಳಿದರು. ರೋಗವಿರುವುದು ಗರ್ಭಕೋಶದ ಹೊರಗೆ ಎಂಬುದೇ ಅದಕ್ಕೆ ಉತ್ತರ. ಗಂಟುಗಳನ್ನು ಬಿಟ್ಟು ಗರ್ಭಕೋಶವನ್ನಷ್ಟೇ ತೆಗೆದರೆ ಮುಟ್ಟು ನಿಲ್ಲುತ್ತದೆ, ನೋವು ಉಳಿಯಬಹುದು. ಮಕ್ಕಳಾದ ಮೇಲೆ, ಬೇರೆಲ್ಲ ಚಿಕಿತ್ಸೆ ಸೋತ ಮೇಲೆ, ಕಾಣುವ ರೋಗವನ್ನೂ ಜೊತೆಗೆ ತೆಗೆಯುವುದಾದರೆ ಅದು ಕೆಲವರಿಗೆ ಸರಿಯಾದ ಆಯ್ಕೆಯೇ. ಅಂಡಾಶಯಗಳನ್ನೂ ತೆಗೆದರೆ ರೋಗ ಮರಳುವುದು ಇನ್ನಷ್ಟು ಕಡಿಮೆಯಾಗುತ್ತದೆ, ಆದರೆ ಮೂವತ್ತೈದರ ಹೆಣ್ಣಿಗೆ ಮುಟ್ಟು ನಿಂತವರ ಮೂಳೆ ಮತ್ತು ಹೃದಯದ ತೊಂದರೆಗಳು ಹದಿನೈದು ವರ್ಷ ಮುಂಚೆಯೇ ಬಂದು ಕೂರುತ್ತವೆ. ಆ ತಾಯಿ ಕುಳಿತುಕೊಳ್ಳುತ್ತಾ, ಪಕ್ಕದಲ್ಲಿದ್ದ ಮಗಳ ಕಡೆ ತಿರುಗಿ, “ನಿನಗೆ ಮುಟ್ಟಿಗೆ ಎಷ್ಟು ದಿನ ಮೊದಲು ಶುರುವಾಗುತ್ತೆ?” ಎಂದು ಕೇಳುತ್ತಿದ್ದುದು ನನಗೆ ಕೇಳಿಸಿತು.